ನೀಲಿ ತೆಂಗಿನಕಾಯಿ, ಕಪ್ಪು ಬೆಲ್ಲ

ಇಸ್ಪೀಟಿನ ಕಟ್ಟಿನಲ್ಲಿ ಬಣ್ಣ ಇರುವುದು ಎರಡೇ, ಕೆಂಪು ಮತ್ತು ಕಪ್ಪು. ಆದರೂ ಆಟಿನ್, ಡೈಮಂಡ್, ಕಳಾವರ್, ಇಸ್ಪೀಟ್ ಎಂಬ ನಾಲ್ಕು ಜಾತಿಗಳನ್ನು ಯಾರೂ ಅದಲುಬದಲು ಮಾಡಿಕೊಳ್ಳುವುದಿಲ್ಲ. ಪ್ರತಿಯೊಂದಕ್ಕೂ ಅದರದೇ ಆಕಾರವಿದೆ, ಬಣ್ಣ ಬರೀ ಜೊತೆಗಾರ. ಅದೇ ಲೂಡೋ ನೋಡಿ. ಅಲ್ಲಿನ ನಾಲ್ಕು ಕಾಯಿಗಳ ಆಕಾರ ಒಂದೇ, ಬೇರೆ ಇರುವುದು ಬಣ್ಣ ಮಾತ್ರ. ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದವರಿಗೆ ಆ ಹಲಗೆಯ ಮೇಲೆ ಆಡುವುದು ಊಹೆಯ ಕೆಲಸ.

ನಮ್ಮ ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಬಿಟ್ಟುಹೋದ, ಕೈಯಲ್ಲೇ ಮಾಡಿದ ಒಂದು ಆಟವಿದೆ. ಹೆಸರು ‘ಸಂತೆ’. ಮೆಣಸಿನಕಾಯಿ, ಅರಿಶಿನ, ತೆಂಗು, ಅಡಿಕೆ, ಬೆಲ್ಲ ಎಂಬ ಐದು ಸರಕು. ಪ್ರತಿ ಸುತ್ತಿನಲ್ಲೂ ಚೀಲದೊಳಗೆ ಕೈಹಾಕಿ, ನೋಡದೆ ಕೆಲವು ಬಿಲ್ಲೆ ತೆಗೆದು ಮೇಜಿನ ಮೇಲೆ ಇಡಬೇಕು. ಅದೇ ಅಂದಿನ ಮಾರುಕಟ್ಟೆ. ಕೈಯಲ್ಲಿ ಮುಚ್ಚಿಟ್ಟುಕೊಂಡ ಕಾರ್ಡುಗಳಿಗೆ ಹೊಂದುವ ಸರಕನ್ನು ಚೌಕಾಸಿ ಮಾಡಿ ಗಿಟ್ಟಿಸಿಕೊಳ್ಳಬೇಕು. ಹಳೆಯ ಸೆಟ್ಟಿನಲ್ಲಿ ಮೆಣಸಿನಕಾಯಿ ಕೆಂಪು, ತೆಂಗು ಹಸಿರು, ಬೆಲ್ಲ ಕಂದು, ಅಡಿಕೆ ಕಿತ್ತಳೆ, ಅರಿಶಿನ ಹಳದಿ. ಕಾರ್ಡಿನ ಮೇಲೂ ಬಿಲ್ಲೆಯ ಮೇಲೂ ಬರೀ ಬಣ್ಣ, ಚಿತ್ರ ಯಾವುದೂ ಇಲ್ಲ.

ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದ ನನ್ನ ರೂಮ್‌ಮೇಟ್‌ಗೆ ಈ ಆಟ ಆಗಿಬರುತ್ತಿರಲಿಲ್ಲ. ಅವನಿಗೆ ಕೆಂಪು–ಹಸಿರು ವರ್ಣಾಂಧತೆ. ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಪ್ರಯತ್ನಿಸಿದಾಗ, ಚುಕ್ಕಿಗಳ ನಡುವೆ ಅಂಕಿ ಓದಿಸುವ ಇಶಿಹಾರ ಪರೀಕ್ಷೆಯಲ್ಲಿ ಅವನಿಗೆ ಇದು ಗೊತ್ತಾಯಿತಂತೆ. ರೈಲಿನ ಸಿಗ್ನಲ್ ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಆಟ ನಮ್ಮ ಕೈಯಲ್ಲೇ ಇತ್ತು. ಹಾಗಾಗಿ ನಾವು ಮೂವರು ಸೇರಿ ಅದನ್ನು ಹೊಸದಾಗಿ ಮಾಡಲು ಕುಳಿತೆವು.

ಅವನ ತೊಂದರೆ ಏನೆಂದು ಮೊದಲು ಸರಿಯಾಗಿ ಕೇಳಿಕೊಂಡೆವು. ಬಣ್ಣ ಗೊತ್ತಾಗದಿದ್ದರೆ ಪಕ್ಕದವರನ್ನು ಕೇಳಬಹುದಲ್ಲ ಎಂದು ನಿಮಗೆ ಅನಿಸಬಹುದು. ಆದರೆ ‘ಸಂತೆ’ಯಲ್ಲಿ ಕಾರ್ಡುಗಳು ಗುಟ್ಟು. ಕೈಯಲ್ಲಿರುವ ಕಾರ್ಡು ತೋರಿಸಿ ‘ಇದು ಯಾವುದೋ?’ ಎಂದು ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಮೇಜಿನ ಮೇಲಿನ ಬಿಲ್ಲೆ ತೋರಿಸಿ ಕೇಳಿದರೂ, ಅವನ ಕಣ್ಣು ಯಾವ ಸರಕಿನ ಮೇಲಿದೆ ಎಂದು ಉಳಿದವರಿಗೆ ತಿಳಿದುಹೋಗುತ್ತದೆ. ಕೇಳದಿದ್ದರೆ ಊಹಿಸಬೇಕು. ಅವನು ಸೋಲುತ್ತಿದ್ದದ್ದು ಚೌಕಾಸಿಯಲ್ಲಲ್ಲ, ಅದಕ್ಕೂ ಮೊದಲೇ. ಆದ್ದರಿಂದ ನಮ್ಮ ಅಳತೆಗೋಲು ಒಂದೇ ಆಯಿತು: ಇಡೀ ಆಟದಲ್ಲಿ ಯಾರೂ ‘ಇದು ಯಾವುದು?’ ಎಂದು ಕೇಳುವಂತಾಗಬಾರದು.

ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳು ಮೂರು ಬಗೆ. ಅವುಗಳಲ್ಲಿ ಕೆಂಪಿನ ಕಡೆಯ ಅಥವಾ ಹಸಿರಿನ ಕಡೆಯ ಬಗೆ ಇಲ್ಲದಿದ್ದರೆ, ಇಲ್ಲವೇ ಬೇರೆ ರೀತಿ ಸ್ಪಂದಿಸಿದರೆ, ಈ ಸಮಸ್ಯೆ ಬರುತ್ತದೆ. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡಸರಲ್ಲೇ ಹೆಚ್ಚು. ಇವರಿಗೆ ಲೋಕ ಕಪ್ಪು–ಬಿಳುಪಾಗಿ ಕಾಣುತ್ತದೆ ಎಂಬುದು ತಪ್ಪು ತಿಳಿವಳಿಕೆ. ನೀಲಿ, ಹಳದಿ ಚೆನ್ನಾಗಿಯೇ ಕಾಣುತ್ತವೆ. ಕೆಂಪು, ಹಸಿರು, ಕಂದು, ಕಿತ್ತಳೆಗಳು ಮಾತ್ರ ಒಂದರೊಳಗೊಂದು ಬೆರೆತುಹೋಗುತ್ತವೆ. ನಮ್ಮ ಹಳೆಯ ಸೆಟ್ಟಿನ ಐದು ಬಣ್ಣಗಳಲ್ಲಿ ನಾಲ್ಕು ಇದೇ ಗುಂಪಿನವು!

ಎರಡು ಬಣ್ಣಗಳ ಛಾಯೆ ಬೆರೆತರೂ, ಒಂದು ತಿಳಿ ಇನ್ನೊಂದು ಗಾಢವಾಗಿದ್ದರೆ ಹೇಗೋ ಗುರುತಿಸಬಹುದು. ಹಳೆಯ ಬಿಲ್ಲೆಗಳಲ್ಲಿ ಅದೂ ಇರಲಿಲ್ಲ. ಅವುಗಳಿಗೆ ಹತ್ತಿರದ ಬಣ್ಣವಾಗಿ ಕೆಂಪಿಗೆ `#D32F2F`, ಹಸಿರಿಗೆ `#388E3C` ತೆಗೆದುಕೊಂಡು ಲೆಕ್ಕ ಹಾಕಿದೆವು. ವೆಬ್ ವಿನ್ಯಾಸಕಾರರು ಬಳಸುವ ಕಾಂಟ್ರಾಸ್ಟ್ ಸೂತ್ರ ಸರಳವಾಗಿದೆ:

```
(L1 + 0.05) / (L2 + 0.05)
```

ಇಲ್ಲಿ `L1` ಹೆಚ್ಚು ಹೊಳಪಿನ ಬಣ್ಣದ ಹೊಳಪು, `L2` ಕಡಿಮೆ ಹೊಳಪಿನದು. ಕಪ್ಪಿಗೆ 0, ಬಿಳುಪಿಗೆ 1. ನಮ್ಮ ಹಸಿರಿನ ಹೊಳಪು ಸುಮಾರು 0.21, ಕೆಂಪಿನದು 0.16. ಅನುಪಾತ 1.2 ಮಾತ್ರ. ಪರದೆಯ ಮೇಲಿನ ಐಕಾನ್‌ಗಳಿಗೂ ಅವುಗಳ ಹಿನ್ನೆಲೆಗೂ ನಡುವೆ ಕನಿಷ್ಠ 3 ಇರಬೇಕೆಂದು ವೆಬ್ ಮಾನದಂಡ ಹೇಳುತ್ತದೆ. ಅಂದರೆ ಮೆಣಸಿನಕಾಯಿ ಮತ್ತು ತೆಂಗು ಅವನಿಗೆ ಛಾಯೆಯಲ್ಲೂ ಒಂದೇ, ಹೊಳಪಿನಲ್ಲೂ ಹೆಚ್ಚುಕಡಿಮೆ ಒಂದೇ.

ಹೊಸ ಬಣ್ಣಕ್ಕೆ ಜಪಾನಿನ ಮಸಟಾಕ ಒಕಾಬೆ ಮತ್ತು ಕೇ ಇಟೊ ಎಂಬ ವಿಜ್ಞಾನಿಗಳು ಸೂಚಿಸಿದ ಎಂಟು ಬಣ್ಣಗಳ ಪಟ್ಟಿಯ ಮೊರೆಹೋದೆವು. ವರ್ಣಾಂಧತೆ ಇರುವವರಿಗೂ ಬೇರೆಬೇರೆಯಾಗಿ ಕಾಣಲೆಂದೇ ಆಯ್ದ ಬಣ್ಣಗಳವು. ಅದರಿಂದ ಮೆಣಸಿನಕಾಯಿಗೆ ಕಿತ್ತಳೆಗೆಂಪು `#D55E00`, ಅರಿಶಿನಕ್ಕೆ ಹಳದಿ `#F0E442`, ತೆಂಗಿಗೆ ನೀಲಿ `#0072B2`, ಬೆಲ್ಲಕ್ಕೆ ಕಪ್ಪು ತೆಗೆದುಕೊಂಡೆವು. ಚಾಲಿ ಅಡಿಕೆಯನ್ನು ನೆನೆದು ಅಡಿಕೆಗೆ ಬಿಳುಪು ಕೊಟ್ಟೆವು. ‘ನೀಲಿ ತೆಂಗಿನಕಾಯಿ ಯಾವ ಊರಲ್ಲಿ ಸಿಗುತ್ತೋ?’ ಎಂದು ಎಲ್ಲರೂ ನಕ್ಕರು. ನಿಜವೇ. ಆದರೆ ಬಿಲ್ಲೆಯ ಬಣ್ಣದ ಕೆಲಸ ತೆಂಗಿನ ಹಾಗೆ ಕಾಣುವುದಲ್ಲ, ಉಳಿದ ನಾಲ್ಕರ ಹಾಗೆ ಕಾಣದಿರುವುದು.

ಇಷ್ಟಕ್ಕೇ ಮುಗಿಯಲಿಲ್ಲ. ಹೊಸ ಬಣ್ಣಗಳನ್ನೂ ಅದೇ ಸೂತ್ರಕ್ಕೆ ಹಾಕಿದಾಗ ಹಳದಿ–ನೀಲಿ ಜೋಡಿಗೆ ಸುಮಾರು 3.9 ಬಂತು. ಆದರೆ ಕಿತ್ತಳೆಗೆಂಪು–ನೀಲಿ ಜೋಡಿಗೆ ಬಂದದ್ದು 1.3, ಹಳದಿ–ಬಿಳುಪಿಗೂ 1.3. ಒಳ್ಳೆಯ ಬೆಳಕಿನಲ್ಲಿ ಛಾಯೆ ಬೇರೆ ಇರುವುದರಿಂದ ತೊಂದರೆಯಿಲ್ಲ. ಹಾಸ್ಟೆಲಿನ ಮಂಕು ದೀಪದಡಿ, ಅಥವಾ ಕಾರ್ಡುಗಳನ್ನು ಕಪ್ಪು–ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿದಾಗ, ಈ ಜೋಡಿಗಳು ಕೈಕೊಡುತ್ತವೆ. ಎಷ್ಟೇ ಒಳ್ಳೆಯ ಬಣ್ಣಗಳನ್ನು ಆಯ್ದರೂ ಬಣ್ಣವೊಂದನ್ನೇ ನಂಬಿ ಆಟ ಮಾಡಲಾಗದು ಎಂದು ಅಲ್ಲಿ ಖಾತ್ರಿಯಾಯಿತು. ಹಾಗಾಗಿ ಚಿತ್ರ ಬೇಕೇ ಬೇಕು.

ಐಕಾನ್ ಬಿಡಿಸುವುದು ಸುಲಭವೆನಿಸುತ್ತದೆ, ಚಿಕ್ಕದಾಗಿ ಮುದ್ರಿಸುವವರೆಗೆ. ಬಿಲ್ಲೆಯ ವ್ಯಾಸ 20 ಮಿ.ಮೀ., ಚಿತ್ರಕ್ಕೆ ಸಿಗುವುದು ಹತ್ತು–ಹನ್ನೆರಡು. ಕಾರ್ಡಿನ ಮೂಲೆಯಲ್ಲಂತೂ 8 ಮಿ.ಮೀ. ಮಾತ್ರ. ಮೂರು ಕಣ್ಣಿನ ತೆಂಗಿನಕಾಯಿ, ತೊಟ್ಟಿರುವ ಅಡಿಕೆ, ಉಂಡೆ ಬೆಲ್ಲ ಎಲ್ಲವೂ ಲ್ಯಾಪ್‌ಟಾಪಿನಲ್ಲಿ ಚಂದ ಕಂಡವು. 8 ಮಿ.ಮೀ.ಗೆ ಇಳಿಸಿ ಒಂದು ಮೀಟರ್ ದೂರ ಇಟ್ಟರೆ ಮೂರೂ ಬರೀ ದುಂಡು ಕಲೆ. ಅಲ್ಲಿಂದ ಮುಂದೆ ಪ್ರತಿ ಚಿತ್ರವನ್ನೂ ಪೂರ್ತಿ ಕಪ್ಪು ತುಂಬಿ, ನೆರಳಿನ ಹಾಗೆ ಮಾಡಿ ನೋಡಿದೆವು. ನೆರಳಲ್ಲೇ ಗುರುತು ಸಿಕ್ಕರೆ ಮಾತ್ರ ಪಾಸು. ಹೀಗೆ ತೆಂಗು ಒಡೆದ ಹೋಳಿನಂತೆ ದಪ್ಪ ಬಳೆಯಾಯಿತು, ಅಡಿಕೆ ಮೂರು ಚುಕ್ಕಿಗಳ ಗೊಂಚಲಾಯಿತು, ಬೆಲ್ಲ ಚೌಕದ ಅಚ್ಚಾಯಿತು. ಮೆಣಸಿನಕಾಯಿ ಬಾಗಿದ ಕುಡುಗೋಲಿನಂತೆ, ಅರಿಶಿನ ಕವಲೊಡೆದ ಕೊಂಬಿನಂತೆ ಉಳಿದವು.

ಮೇಜಿನ ಸುತ್ತ ನಾಲ್ಕು ಕಡೆ ಜನ ಕೂರುತ್ತಾರೆ. ನಿಮಗೆ ನೇರ ಕಾಣುವುದು ಎದುರಿನವರಿಗೆ ತಲೆಕೆಳಗು. ಆದ್ದರಿಂದ ‘ಮೇಲ್ಮುಖ ಬಾಣ ಒಂದು ಸರಕು, ಕೆಳಮುಖ ಬಾಣ ಇನ್ನೊಂದು’ ಎಂಬಂಥ ಚಿತ್ರಗಳು ಕೆಲಸಕ್ಕೆ ಬಾರವು. ನಮ್ಮ ಐದೂ ಚಿತ್ರಗಳನ್ನು ತಿರುಗಿಸಿಟ್ಟು ನೋಡಿದೆವು, ಯಾವುದೂ ಇನ್ನೊಂದರಂತೆ ಕಾಣಲಿಲ್ಲ. ಕಾರ್ಡುಗಳಲ್ಲಿ ಇಸ್ಪೀಟಿನ ಎಲೆಯಂತೆಯೇ ಎದುರುಬದುರಿನ ಎರಡು ಮೂಲೆಯಲ್ಲಿ ಚಿತ್ರ ಹಾಕಿದೆವು. ಬೀಸಣಿಗೆಯಂತೆ ಹಿಡಿದಾಗ ಎಡಗಡೆಯ ಕಿರಿದಾದ ಪಟ್ಟಿಯಷ್ಟೇ ಕಾಣುತ್ತದೆ. ನಡುವಿನ ದೊಡ್ಡ ಚಿತ್ರದಿಂದ ಆಗ ಉಪಯೋಗವಿಲ್ಲ.

ಉನೊ ಆಟದಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. 2017ರಲ್ಲಿ ಬಂದ ಅದರ ಒಂದು ಆವೃತ್ತಿಯಲ್ಲಿ, ಪೋರ್ಚುಗಲ್‌ನ ವಿನ್ಯಾಸಕಾರ ಮಿಗೆಲ್ ನೇವಾ ರೂಪಿಸಿದ ‘ಕಲರ್‌ಆಡ್’ ಗುರುತುಗಳಿವೆ. ಅಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಂಕೇತ. ಉನೊದಲ್ಲಿ ಬಣ್ಣವೇ ಆಟದ ವಿಷಯವಾದ್ದರಿಂದ ಅದು ಸರಿ, ಆದರೆ ಸಂಕೇತಗಳನ್ನು ಮೊದಲು ಕಲಿಯಬೇಕು. ‘ಸಂತೆ’ಯಲ್ಲಿ ಬಣ್ಣಕ್ಕೆ ಅರ್ಥವಿಲ್ಲ, ಅರ್ಥವಿರುವುದು ಸರಕಿಗೆ. ಸರಕಿನ ಚಿತ್ರವನ್ನೇ ಹಾಕಿದರೆ ಕಲಿಯುವ ಕೆಲಸ ಉಳಿಯಿತು.

ಆಮೇಲೆ ಬಂದದ್ದು ಮುಟ್ಟುವ ಪ್ರಶ್ನೆ. ಚೌಕಾಬಾರದಲ್ಲಿ ಒಬ್ಬರು ಹುಣಸೆ ಬೀಜ, ಒಬ್ಬರು ಬಳೆಚೂರು, ಇನ್ನೊಬ್ಬರು ಕಲ್ಲು ಇಟ್ಟುಕೊಂಡು ಆಡುವುದನ್ನು ನೋಡಿರುತ್ತೀರಿ. ಕತ್ತಲಲ್ಲಿ ಮುಟ್ಟಿದರೂ ಯಾರ ಕಾಯಿ ಎಂದು ಹೇಳಬಹುದು. ನಾವೂ ಸರಕಿನ ಬಿಲ್ಲೆಗಳನ್ನು ಐದು ಆಕಾರದಲ್ಲಿ ಕತ್ತರಿಸೋಣ ಎಂದುಕೊಂಡೆವು. ಅಡ್ಡ ಬಂದದ್ದು ಚೀಲ. ನೋಡದೆ ತೆಗೆಯುವ ಆಟದಲ್ಲಿ ಆಕಾರ ಬೇರೆಯಾದರೆ ಬೆರಳೇ ಆರಿಸಿಕೊಂಡುಬಿಡುತ್ತದೆ! ಆದ್ದರಿಂದ ಚೀಲದ ಬಿಲ್ಲೆಗಳೆಲ್ಲ ಒಂದೇ ಅಳತೆಯ ದುಂಡು, ಎರಡೂ ಬದಿಗೆ ಸ್ಟಿಕರ್. ಲೇಸರಿನಲ್ಲಿ ಕೊರೆದರೆ ಗೀರು ಬೆರಳಿಗೆ ಸಿಗುತ್ತದೆ, ಅದಕ್ಕೆ ಕೊರೆಯಲಿಲ್ಲ. ಚೀಲಕ್ಕೆ ಹೋಗದ, ಆಟಗಾರರ ಸ್ವಂತ ಕಾಯಿಗಳಿಗೆ ಮಾತ್ರ ಚೌಕಾಬಾರದ ನೀತಿ: ಹುಣಸೆ ಬೀಜ, ಕವಡೆ, ಗುಂಡಿ, ಬಳೆಚೂರು. ಖರ್ಚು ಸೊನ್ನೆ.

ಪರೀಕ್ಷೆಗೆ ಆಂಡ್ರಾಯ್ಡ್ ಫೋನೇ ಸಾಕಾಯಿತು. ಡೆವಲಪರ್ ಆಯ್ಕೆಗಳಲ್ಲಿ `Simulate color space` ಎಂಬುದಿದೆ. ಅದರಲ್ಲಿ `Monochromacy` ಆರಿಸಿ ಮೇಜಿನ ಫೋಟೊ ನೋಡಿದರೆ ಬಣ್ಣವೆಲ್ಲ ಹೋಗಿ ಬೂದಿಯಷ್ಟೇ ಉಳಿಯುತ್ತದೆ. ಆಗಲೂ ಐದು ಸರಕನ್ನು ಓದಲು ಬಂದರೆ ಚಿತ್ರಗಳು ಗೆದ್ದ ಹಾಗೆ. ಅದೇ ಪಟ್ಟಿಯಲ್ಲಿ ವರ್ಣಾಂಧತೆಯ ಬಗೆಗಳೂ ಇವೆ, ಆದರೆ ಅವು ಅಂದಾಜು ಮಾತ್ರ. ಒಬ್ಬರ ಕಣ್ಣಿನಂತೆ ಇನ್ನೊಬ್ಬರದಿರುವುದಿಲ್ಲ, ಹಾಗಾಗಿ ಕೊನೆಯ ತೀರ್ಪು ಆಡುವವನದೇ.

ಆ ತೀರ್ಪಿಗಾಗಿ ಹೊಸ ಸೆಟ್ಟನ್ನು ಸಂಜೆ, ದೊಡ್ಡ ದೀಪ ಆರಿಸಿ ಟೇಬಲ್ ಲ್ಯಾಂಪಿನಲ್ಲಿ ಆಡಿದೆವು. ಒಬ್ಬರು ಆಡದೆ, ‘ಇದು ಯಾವುದು?’ ಎಂಬ ಪ್ರಶ್ನೆ ಎಷ್ಟು ಸಲ ಬರುತ್ತದೆಂದು ಗೀಟು ಹಾಕುತ್ತ ಕುಳಿತರು. ಬಿದ್ದದ್ದು ಒಂದೇ ಗೀಟು. ಅದೂ ರೂಮ್‌ಮೇಟ್‌ನದಲ್ಲ, ಕನ್ನಡಕ ಮರೆತು ಬಂದ ಇನ್ನೊಬ್ಬನದು. ದೂರದ ಬಿಲ್ಲೆಯ ಮೂರು ಚುಕ್ಕಿ ಅವನಿಗೆ ಒಂದಕ್ಕೊಂದು ಅಂಟಿದಂತೆ ಕಂಡಿತ್ತು. ಚುಕ್ಕಿಗಳ ನಡುವಿನ ಜಾಗವನ್ನು ಒಂದು ಮಿ.ಮೀ. ಹಿಗ್ಗಿಸಿ ಹೊಸ ಸ್ಟಿಕರ್ ಮುದ್ರಿಸಿದ್ದೇವೆ. ರೂಮ್‌ಮೇಟ್ ಅಂದು ಮೂರನೇ ಸ್ಥಾನಕ್ಕೆ ಬಂದ. ಅರಿಶಿನಕ್ಕೆ ಹೆಚ್ಚು ಬೆಲೆ ಕೊಟ್ಟು ಕೆಟ್ಟ ಎಂದು ಎಲ್ಲರೂ ರೇಗಿಸಿದರು. ಅವನು ಸೋತದ್ದು ಈ ಸಲ ಚೌಕಾಸಿಯಲ್ಲಿ.