ಅನುದಾನದ ಹಣ ಉಳಿದಾಗ, ಕೆಲವು ಖರ್ಚುಗಳನ್ನು ದಾನಿಗಳು ಒಪ್ಪದಿದ್ದಾಗ: ಬಳಕೆ ಪಟ್ಟಿಯನ್ನು ಸಿದ್ಧಪಡಿಸುವ ಕ್ರಮ

ಸೇವಾಸಂಸ್ಥೆಗಳ ಹೊಣೆ ಹೊತ್ತಿರುವ ಬಂಧುಗಳಿಗೆ ವರ್ಷಾಂತ್ಯದಲ್ಲಿ ಎದುರಾಗುವ ಒಂದು ಇಕ್ಕಟ್ಟಿನ ಬಗ್ಗೆ ಇಲ್ಲಿ ವಿವರಿಸಲಾಗಿದೆ. ಪಡೆದ ಅನುದಾನ ಪೂರ್ಣವಾಗಿ ಖರ್ಚಾಗಿರುವುದಿಲ್ಲ; ಖರ್ಚಾದುದರಲ್ಲಿಯೂ ಒಂದಿಷ್ಟನ್ನು ದಾನಿಗಳು ಒಪ್ಪುವುದಿಲ್ಲ. ಆಗ ಎಷ್ಟೋ ಖಜಾಂಚಿಗಳು ಉಳಿಕೆ ಸೊನ್ನೆಯಾಗುವಂತೆ ಅಂಕಿಗಳನ್ನು ಹೊಂದಿಸಿ ಪಟ್ಟಿ ಕಳುಹಿಸುತ್ತಾರೆ. ಮುಂದೆ ಲೆಕ್ಕಪರಿಶೋಧಕರ ಮುಂದೆ ಬ್ಯಾಂಕಿನ ಶಿಲ್ಕು ಒಂದನ್ನು ಹೇಳುತ್ತದೆ, ಪಟ್ಟಿ ಇನ್ನೊಂದನ್ನು ಹೇಳುತ್ತದೆ. ಅಲ್ಲಿಂದಾಚೆಗೆ ಪ್ರಾಮಾಣಿಕವಾಗಿ ಮಾಡಿದ ಕೆಲಸವೂ ಸಂಶಯಕ್ಕೆ ಒಳಗಾಗುತ್ತದೆ.

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಲ್ಲಿ ಒಂದು ಸೇವಾಸಂಸ್ಥೆ ಮಕ್ಕಳಿಗಾಗಿ ಸಂಜೆಯ ಪಾಠಕೇಂದ್ರವನ್ನು ನಡೆಸುತ್ತಿದೆ ಎಂದಿಟ್ಟುಕೊಳ್ಳಿ. 2024-25ನೆಯ ಸಾಲಿಗೆ ಒಂದು ಕಂಪನಿ ತನ್ನ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ 6,00,000 ರೂಪಾಯಿ ನೀಡಿತು. ಒಪ್ಪಂದದಲ್ಲಿ ನಾಲ್ಕು ಬಾಬ್ತುಗಳಿದ್ದವು: ಬೋಧಕರ ಗೌರವಧನಕ್ಕೆ 3,00,000, ಪುಸ್ತಕ ಮತ್ತು ಪಾಠೋಪಕರಣಗಳಿಗೆ 1,20,000, ಕೊಠಡಿಯ ದುರಸ್ತಿಗೆ 1,00,000, ಪ್ರಯಾಣ ಮತ್ತು ಆಡಳಿತಕ್ಕೆ 80,000 ರೂಪಾಯಿ. ಈ ಹಣಕ್ಕೆಂದೇ ತೆರೆದ ಪ್ರತ್ಯೇಕ ಉಳಿತಾಯ ಖಾತೆಯಲ್ಲಿ ವರ್ಷದಲ್ಲಿ 9,000 ರೂಪಾಯಿ ಬಡ್ಡಿ ಜಮೆಯಾಯಿತು.

ಮೊದಲು ಲಭ್ಯವಿದ್ದ ಹಣ

ಪಟ್ಟಿಯ ಮೊದಲ ಭಾಗದಲ್ಲಿ ಹಿಂದಿನ ವರ್ಷದ ಉಳಿಕೆ, ಈ ವರ್ಷ ಬಂದ ಕಂತುಗಳು ಮತ್ತು ಬಡ್ಡಿ ಇವು ಮೂರನ್ನೂ ಪ್ರತ್ಯೇಕ ಸಾಲುಗಳಲ್ಲಿ ಬರೆಯಬೇಕು. ನಮ್ಮ ಉದಾಹರಣೆಯಲ್ಲಿ ಹಿಂದಿನ ಉಳಿಕೆ ಇಲ್ಲ. ಒಟ್ಟು ಲಭ್ಯ ಹಣ 6,09,000 ರೂಪಾಯಿ.

ಬಡ್ಡಿಯನ್ನು ಬಿಟ್ಟುಬಿಡುವುದು ಸಾಮಾನ್ಯವಾಗಿ ಕಂಡುಬರುವ ಮೊದಲ ತಪ್ಪು. ಅನುದಾನದ ಹಣಕ್ಕೆ ಬಂದ ಬಡ್ಡಿ ಸಂಸ್ಥೆಯ ಸ್ವಂತ ಆದಾಯವಲ್ಲ. ಅದು ಎಲ್ಲಿಗೆ ಸೇರಬೇಕೆಂಬುದು ಅನುದಾನ ಯಾರದು ಎಂಬುದರ ಮೇಲೆ ನಿಂತಿದೆ. ಕೇಂದ್ರ ಸರ್ಕಾರದ ಅನುದಾನವಾದರೆ, 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ, ಲೆಕ್ಕ ಅಂತಿಮವಾದ ಕೂಡಲೇ ಬಡ್ಡಿಯನ್ನು ಭಾರತದ ಸಂಚಿತ ನಿಧಿಗೆ ಕಟ್ಟಬೇಕು. ಆ ನಿಯಮಗಳ 12-ಎ ನಮೂನೆಯಲ್ಲಿ ಬಂದ ಬಡ್ಡಿಗೂ ಹಿಂದಿರುಗಿಸಿದ ಬಡ್ಡಿಗೂ ಬೇರೆ ಬೇರೆ ಅಂಕಣಗಳೇ ಇವೆ. ಕಂಪನಿಯ ಅನುದಾನವಾದರೆ ಬಡ್ಡಿ ಅದೇ ಯೋಜನೆಗೆ ಸೇರುತ್ತದೆ. ಆದ್ದರಿಂದ ಇಲ್ಲಿ ಆ 9,000 ರೂಪಾಯಿಯನ್ನು ಲಭ್ಯ ಹಣದಲ್ಲಿ ಕೂಡಿಸಲಾಗಿದೆ.

ಮುಂಗಡ ಖರ್ಚಲ್ಲ

2025ರ ಮಾರ್ಚ್ 31ಕ್ಕೆ ಸಂಸ್ಥೆಯ ಪುಸ್ತಕಗಳಲ್ಲಿದ್ದ ಖರ್ಚು ಹೀಗಿತ್ತು. ನಾಲ್ವರು ಬೋಧಕರಿಗೆ ತಿಂಗಳಿಗೆ ತಲಾ 6,000ದಂತೆ ಹನ್ನೆರಡು ತಿಂಗಳ ಗೌರವಧನ 2,88,000, ಪುಸ್ತಕ, ಉಪಕರಣ 92,000, ದುರಸ್ತಿ 1,18,000, ಪ್ರಯಾಣ, ಆಡಳಿತ 64,000. ಒಟ್ಟು 5,62,000 ರೂಪಾಯಿ. ಇದನ್ನು ಲಭ್ಯ ಹಣದಿಂದ ಕಳೆದರೆ 47,000 ಉಳಿಯಬೇಕು. ಆದರೆ ಪಾಸ್‌ಪುಸ್ತಕದಲ್ಲಿದ್ದುದು 32,000 ಮಾತ್ರ. ಉಳಿದ 15,000 ರೂಪಾಯಿಯನ್ನು ಪುಸ್ತಕ ಪೂರೈಸುವವರಿಗೆ ಮಾರ್ಚ್ ಕೊನೆಯಲ್ಲಿ ಮುಂಗಡವಾಗಿ ಕೊಡಲಾಗಿತ್ತು. ಪುಸ್ತಕಗಳು ಇನ್ನೂ ಬಂದಿರಲಿಲ್ಲ.

ಹಣ ಕೈಬಿಟ್ಟಿತೆಂಬ ಕಾರಣಕ್ಕೆ ಈ 15,000ವನ್ನು ಖರ್ಚಿನಲ್ಲಿ ಸೇರಿಸುವಂತಿಲ್ಲ. ಪುಸ್ತಕಗಳು ಕೈಸೇರಿ, ಬಿಲ್ಲು ಬಂದು, ದಾಸ್ತಾನು ಪುಸ್ತಕದಲ್ಲಿ ನಮೂದಾದ ದಿನ ಅದು ಖರ್ಚಾಗುತ್ತದೆ. ಅಲ್ಲಿಯವರೆಗೆ ಅದು ಉಳಿಕೆಯ ಒಂದು ಭಾಗ. ಪಟ್ಟಿಯಲ್ಲಿ ಅದನ್ನು ‘ಹೊಂದಾಣಿಕೆಯಾಗದ ಮುಂಗಡ’ ಎಂದು ತೋರಿಸಬೇಕು.

ಒಪ್ಪದ ಖರ್ಚುಗಳನ್ನು ವಿಂಗಡಿಸುವುದು

ಕರಡು ಪಟ್ಟಿಯನ್ನು ನೋಡಿದ ಕಂಪನಿಯವರು ಮೂರು ಮೊತ್ತಗಳನ್ನು ಒಪ್ಪಲಿಲ್ಲ. ದುರಸ್ತಿಯಲ್ಲಿ ಮಂಜೂರಾತಿಗಿಂತ ಹೆಚ್ಚಾದ 18,000; ರಸೀದಿಗಳಿಲ್ಲದ ಪ್ರಯಾಣ ವೆಚ್ಚ 9,500; ಪಾಠೋಪಕರಣದ ಬಾಬ್ತಿನಲ್ಲಿ ಬರೆದಿದ್ದ ವಾರ್ಷಿಕೋತ್ಸವದ ಶಾಮಿಯಾನ ಮತ್ತು ಊಟದ ವೆಚ್ಚ 7,000. ಒಟ್ಟು 34,500 ರೂಪಾಯಿ.

ಇಂತಹ ಪತ್ರ ಬಂದಾಗ ಎಲ್ಲವನ್ನೂ ವಾದಿಸುವುದೂ ಸರಿಯಲ್ಲ, ಎಲ್ಲವನ್ನೂ ತಲೆತಗ್ಗಿಸಿ ಒಪ್ಪಿಕೊಳ್ಳುವುದೂ ಸರಿಯಲ್ಲ. ಪ್ರತಿಯೊಂದು ಮೊತ್ತವೂ ಯಾವ ಕಾರಣಕ್ಕೆ ತಿರಸ್ಕೃತವಾಗಿದೆ ಎಂದು ನೋಡಬೇಕು. ದಾಖಲೆಯ ಕೊರತೆಯಾದರೆ ದಾಖಲೆ ಒದಗಿಸಬಹುದು. ಮಂಜೂರಾತಿಯ ಮಿತಿ ಮೀರಿದ್ದಾದರೆ ಒಪ್ಪಂದವನ್ನು ತೆರೆದು ನೋಡಬೇಕು. ಉದ್ದೇಶಕ್ಕೇ ಸೇರದ ಖರ್ಚಾದರೆ ಅದಕ್ಕೆ ಮರುಮಾತಿಲ್ಲ.

ನಮ್ಮ ಉದಾಹರಣೆಯ ಒಪ್ಪಂದದಲ್ಲಿ ಒಂದು ಬಾಬ್ತಿನಲ್ಲಿ ಶೇಕಡ 10ರವರೆಗೆ ಹೆಚ್ಚುವರಿ ವೆಚ್ಚಕ್ಕೆ, ಒಟ್ಟು ಮೊತ್ತ ಮೀರದಿದ್ದರೆ, ಅವಕಾಶವಿತ್ತು. ಆ ಕಲಮನ್ನು ಉಲ್ಲೇಖಿಸಿ ಬರೆದ ಮೇಲೆ ದುರಸ್ತಿಯಲ್ಲಿ 10,000 ಮಾನ್ಯವಾಯಿತು, 8,000 ಉಳಿಯಿತು. ಪ್ರಯಾಣಕ್ಕೆ ಸಂಬಂಧಿಸಿ, ಮದ್ದೂರಿಗೆ ಹೋಗಿಬಂದ ದಿನಾಂಕ, ಕಾರಣ ಮತ್ತು ಬಾಡಿಗೆಯನ್ನು ಆಯಾ ದಿನವೇ ಬರೆದಿಟ್ಟಿದ್ದ ಓಡಾಟದ ಪುಸ್ತಕವನ್ನು ಕಳುಹಿಸಿದಾಗ 6,500 ಮಾನ್ಯವಾಯಿತು. ಏನೂ ಬರೆದಿಡದ 3,000 ಉಳಿಯಿತು. ವಾರ್ಷಿಕೋತ್ಸವದ 7,000 ಸಂಪೂರ್ಣವಾಗಿ ಅಮಾನ್ಯವಾಯಿತು. ಕೊನೆಗೆ ನಿಂತ ಅಮಾನ್ಯ ವೆಚ್ಚ 18,000 ರೂಪಾಯಿ.

ಇಲ್ಲಿ ಒಂದು ಎಚ್ಚರಿಕೆ. ಓಡಾಟದ ಪುಸ್ತಕ ಮೊದಲೇ ಇದ್ದರೆ ಅದು ದಾಖಲೆ. ತಕರಾರು ಬಂದ ಮೇಲೆ ಕುಳಿತು ಬರೆದರೆ ಅದು ಸೃಷ್ಟಿ. ಒಂದೇ ಶಾಯಿ, ಒಂದೇ ಕೈಬರಹ, ಒಂದೇ ದಿನ ಬರೆದಂತಿರುವ ಹಾಳೆಗಳನ್ನು ಪರಿಶೋಧಕರು ಸುಲಭವಾಗಿ ಗುರುತಿಸುತ್ತಾರೆ. ಮೂರು ಸಾವಿರ ಉಳಿಸಲು ಹೋಗಿ ಮಾನ್ಯವಾದ ವೆಚ್ಚಗಳ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳಬಾರದು.

ಅಮಾನ್ಯವಾದ ಹಣ ಎಲ್ಲಿಂದ ಬರಬೇಕು?

ಇದು ಇಡೀ ವಿಷಯದ ಕೇಂದ್ರ. ಹದಿನೆಂಟು ಸಾವಿರ ರೂಪಾಯಿ ನಿಜವಾಗಿ ಖರ್ಚಾಗಿದೆ. ಶಾಮಿಯಾನದವರು ಅದನ್ನು ಹಿಂದಿರುಗಿಸುವುದಿಲ್ಲ. ಆದ್ದರಿಂದ ಖರ್ಚನ್ನು ಪುಸ್ತಕದಿಂದ ಅಳಿಸುವಂತಿಲ್ಲ. ಬದಲಾಗಬೇಕಾದುದು ಅದನ್ನು ಹೊರುವ ನಿಧಿ ಮಾತ್ರ. ಅನುದಾನದ ನಿಧಿಯಿಂದ ತೆಗೆದು ಸಂಸ್ಥೆಯ ಸಾಮಾನ್ಯ ನಿಧಿಯ ಖರ್ಚಾಗಿ ಬರೆದು, ಅಷ್ಟೇ ಹಣವನ್ನು ಸಾಮಾನ್ಯ ಖಾತೆಯಿಂದ ಅನುದಾನದ ಖಾತೆಗೆ ಚೆಕ್ಕಿನ ಮೂಲಕ ತುಂಬಬೇಕು.

ಇದನ್ನು ಒಪ್ಪಿಕೊಂಡಾಗ ಪಟ್ಟಿ ತಾನಾಗಿಯೇ ಹೊಂದುತ್ತದೆ.

| ಬಾಬ್ತು | ಪುಸ್ತಕದ ಖರ್ಚು | ಅಮಾನ್ಯ | ಮಾನ್ಯ ಖರ್ಚು |
|---|---|---|---|
| ಗೌರವಧನ | 2,88,000 | ಇಲ್ಲ | 2,88,000 |
| ಪುಸ್ತಕ, ಉಪಕರಣ | 92,000 | 7,000 | 85,000 |
| ದುರಸ್ತಿ | 1,18,000 | 8,000 | 1,10,000 |
| ಪ್ರಯಾಣ, ಆಡಳಿತ | 64,000 | 3,000 | 61,000 |
| ಒಟ್ಟು | 5,62,000 | 18,000 | 5,44,000 |

ಲಭ್ಯ ಹಣ 6,09,000ದಿಂದ ಮಾನ್ಯ ಖರ್ಚು 5,44,000ವನ್ನು ಕಳೆದರೆ ಉಳಿಕೆ 65,000. ಇದು ಎಲ್ಲಿದೆ ಎಂದು ಪಟ್ಟಿಯ ಕೆಳಗೆ ತೋರಿಸಬೇಕು: ಬ್ಯಾಂಕಿನಲ್ಲಿ 32,000, ಹೊಂದಾಣಿಕೆಯಾಗದ ಮುಂಗಡ 15,000, ಸಾಮಾನ್ಯ ನಿಧಿಯಿಂದ ಬರಬೇಕಾದುದು 18,000. ಮೂರೂ ಕೂಡಿ 65,000. ಉಳಿಕೆಯ ಅಂಕಿ ಮತ್ತು ಅದರ ಇರುವಿಕೆಯ ವಿವರ ಹೀಗೆ ಒಂದಕ್ಕೊಂದು ತಾಳೆಯಾದರೆ ಪಟ್ಟಿ ಸರಿಯಿದೆ ಎಂದು ತಿಳಿಯಬಹುದು. ತಾಳೆಯಾಗದಿದ್ದರೆ ಬಡ್ಡಿಯೋ, ಮುಂಗಡವೋ, ಅಮಾನ್ಯ ವೆಚ್ಚವೋ ಎಲ್ಲೋ ತಪ್ಪಿಹೋಗಿದೆ ಎಂದರ್ಥ. ಸಾಮಾನ್ಯ ನಿಧಿಯಿಂದ ಹಣ ತುಂಬಿದ ಮೇಲೆ ಅದರ ದಿನಾಂಕ ಮತ್ತು ಚೆಕ್ ಸಂಖ್ಯೆಯನ್ನು ಪಟ್ಟಿಯ ಟಿಪ್ಪಣಿಯಲ್ಲಿ ನಮೂದಿಸಬೇಕು.

ಸಾಮಾನ್ಯ ನಿಧಿಯಲ್ಲಿ ಅಷ್ಟು ಹಣವಿಲ್ಲದಿದ್ದರೆ? ಆಗ ಬೇರೊಬ್ಬ ದಾನಿಯ ಹಣದಿಂದ, ಅನ್ನದಾಸೋಹಕ್ಕೆಂದೋ ಆರೋಗ್ಯ ಶಿಬಿರಕ್ಕೆಂದೋ ಭಕ್ತರು ಕೊಟ್ಟ ನಿಧಿಯಿಂದ, ‘ತಾತ್ಕಾಲಿಕವಾಗಿ’ ತುಂಬುವ ಆಸೆ ಹುಟ್ಟುತ್ತದೆ. ಅದು ಒಂದು ತಪ್ಪನ್ನು ಮುಚ್ಚಲು ಮಾಡುವ ಇನ್ನೊಂದು ತಪ್ಪು. ಆ ನಿಧಿಗೂ ಅದರದೇ ಉದ್ದೇಶವಿದೆ. ಇದಕ್ಕಿಂತ ವಿಷಯವನ್ನು ಆಡಳಿತ ಮಂಡಳಿಯ ಮುಂದಿಟ್ಟು, ಕೊರತೆಯನ್ನು ಯಾವ ಮೂಲದಿಂದ, ಯಾವ ದಿನಾಂಕದೊಳಗೆ ತುಂಬಲಾಗುವುದೆಂದು ನಿರ್ಣಯಿಸಿ, ನಡವಳಿ ಪುಸ್ತಕದಲ್ಲಿ ಬರೆದು, ದಾನಿಗಳಿಗೆ ಅದರ ಪ್ರತಿಯನ್ನು ಕಳುಹಿಸುವುದು ಮೇಲು. ಮುಂದಿನ ಕಂತಿನಲ್ಲಿ ಕಡಿತ ಮಾಡಿಕೊಳ್ಳಲು ಕೆಲವು ದಾನಿಗಳು ಒಪ್ಪುತ್ತಾರೆ. ಹಾಗಾದಾಗಲೂ ಮುಂದಿನ ವರ್ಷದ ಕೆಲಸಕ್ಕೆ ಅಷ್ಟು ಹಣ ಕಡಿಮೆಯಾಗುತ್ತದೆ. ಅದನ್ನು ಸಂಸ್ಥೆಯೇ ಭರಿಸದಿದ್ದರೆ ನಾಲ್ವರಲ್ಲಿ ಒಬ್ಬ ಬೋಧಕರ ಮೂರು ತಿಂಗಳ ಗೌರವಧನ ಹೋದಂತೆಯೇ.

ಉಳಿಕೆಗೆ ಲಿಖಿತ ಅನುಮತಿ

ಅರವತ್ತೈದು ಸಾವಿರವನ್ನು ಹಿಂದಿರುಗಿಸಬೇಕೆ, ಮುಂದಿನ ವರ್ಷಕ್ಕೆ ಒಯ್ಯಬಹುದೆ, ಬೇರೆ ಬಾಬ್ತಿಗೆ ಬಳಸಬಹುದೆ ಎಂಬುದನ್ನು ದಾನಿಗಳೇ ಹೇಳಬೇಕು. ದೂರವಾಣಿಯ ಮಾತು ಸಾಲದು. ಪತ್ರ ಅಥವಾ ಮಿಂಚಂಚೆ ಬೇಕು. ಏಪ್ರಿಲ್ ಬರುತ್ತಲೇ ಕಂಪನಿಯವರು ಅವಸರಪಡಿಸುವುದಕ್ಕೂ ಕಾರಣವಿದೆ. ಸಂಸ್ಥೆಗೆ ಹಣ ಕೊಟ್ಟ ಮಾತ್ರಕ್ಕೆ ಅದು ಕಂಪನಿಯ ಲೆಕ್ಕದಲ್ಲಿ ಖರ್ಚಾದಂತಲ್ಲ, ಸಂಸ್ಥೆ ಅದನ್ನು ಬಳಸಿರಬೇಕು. ಹಣ ಮಂಜೂರಾದ ರೀತಿಯಲ್ಲಿಯೇ ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ದೃಢೀಕರಿಸಬೇಕು. ಬಹುವರ್ಷಗಳ ಯೋಜನೆಯಲ್ಲಿ ಬಳಕೆಯಾಗದ ಹಣವನ್ನು ಕಂಪನಿ ಹಣಕಾಸು ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ವರ್ಗಾಯಿಸಬೇಕೆಂದು ಕಂಪನಿ ಕಾಯ್ದೆಯ 135ನೆಯ ಕಲಂ ಹೇಳುತ್ತದೆ. ನಾವು ಉಳಿಕೆಯನ್ನು ಮುಚ್ಚಿಟ್ಟರೆ ಅವರ ದೃಢೀಕರಣವೂ ಸುಳ್ಳಾಗುತ್ತದೆ.

ಅನುಮತಿ ದೊರೆತರೆ 65,000 ರೂಪಾಯಿ 2025-26ರ ಪಟ್ಟಿಯ ಮೊದಲ ಸಾಲಿನಲ್ಲಿ ಆರಂಭ ಶಿಲ್ಕಾಗಿ ಬರಬೇಕು, ಒಂದು ರೂಪಾಯಿಯೂ ವ್ಯತ್ಯಾಸವಿಲ್ಲದೆ. ಹಿಂದಿರುಗಿಸಿದರೆ ವರ್ಗಾವಣೆಯ ಸಂಖ್ಯೆ ಮತ್ತು ದಿನಾಂಕವನ್ನು ಬರೆದು ಉಳಿಕೆಯನ್ನು ಸೊನ್ನೆ ಮಾಡಬೇಕು. ಲೆಕ್ಕಪರಿಶೋಧನೆ ಮುಗಿದು ಸಹಿಯಾದ ಮೇಲೆ ತಿರಸ್ಕಾರದ ಪತ್ರ ಬಂದರೆ, ಹಳೆಯ ಲೆಕ್ಕವನ್ನು ತಿದ್ದದೆ, ಪತ್ರ ಬಂದ ವರ್ಷದಲ್ಲಿಯೇ ಹೊಂದಾಣಿಕೆಯ ನಮೂದು ಹಾಕಿ ಪರಿಷ್ಕೃತ ಪಟ್ಟಿಯನ್ನು ಕೊಡಬೇಕು.

ಕೊನೆಯದಾಗಿ ಸಹಿಗಳು. ಖಜಾಂಚಿ ಮತ್ತು ಅಧ್ಯಕ್ಷರ ಸಹಿಯಾದ ಬಳಿಕ ಲೆಕ್ಕಪರಿಶೋಧಕರ ಪ್ರಮಾಣಪತ್ರದಲ್ಲಿ 18 ಅಂಕಿಗಳ ಯುಡಿಐಎನ್ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ. 2019ರ ಫೆಬ್ರುವರಿಯಿಂದ ಇಂತಹ ಪ್ರಮಾಣಪತ್ರಗಳಿಗೆ ಅದು ಕಡ್ಡಾಯ. ಸಹಿ ಮಾಡುವ ಮುನ್ನ ಅಧ್ಯಕ್ಷರು ಪಾಸ್‌ಪುಸ್ತಕದ ಮಾರ್ಚ್ 31ರ ಸಾಲನ್ನು ತಾವೇ ಒಮ್ಮೆ ನೋಡಲಿ. ನಮ್ಮ ಉದಾಹರಣೆಯಲ್ಲಿ ಅಲ್ಲಿ 32,000 ಇರಬೇಕು. ಪಟ್ಟಿಯ ಕೊನೆಯ ಭಾಗದಲ್ಲಿಯೂ ಅದೇ ಅಂಕಿ ಕಾಣಬೇಕು.