ಕಾಯುವ ಪತ್ರಕ್ಕೆ ಯಾರ ಗಡಿಯಾರ?

ಧಾರವಾಡದ ವಿದ್ಯಾರ್ಥಿನಿಯೊಬ್ಬಳು ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕರೊಬ್ಬರಿಗೆ ಪಿಎಚ್‌ಡಿ ಸೀಟಿನ ಬಗ್ಗೆ ಇಮೇಲ್ ಬರೆದಿದ್ದಾಳೆ ಎನ್ನಿ. ದಿನ 2026ರ ಅಕ್ಟೋಬರ್ 31, ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಅಲ್ಲಿ ಇನ್ನೂ ಶುಕ್ರವಾರ ರಾತ್ರಿ ಒಂಬತ್ತೂವರೆ. ಈಗ ಕಳಿಸಿದರೆ ಪತ್ರ ಎರಡು ದಿನದ ರಜೆಯ ಟಪಾಲಿನಡಿ ಹೂತುಹೋಗುತ್ತದೆ. ಸೋಮವಾರ ಅವರು ಕೆಲಸಕ್ಕೆ ಕೂರುವ ಹೊತ್ತಿಗೆ, ಒಂಬತ್ತು ಗಂಟೆಗೆ ತಲುಪಲಿ ಎಂಬುದು ಅವಳ ಆಸೆ.

ಫೋನಿನ ಜಿಮೇಲ್‌ನಲ್ಲಿ ಪತ್ರ ಬರೆದ ಮೇಲೆ ಮೇಲ್ತುದಿಯ ಮೂರು ಚುಕ್ಕಿ ಒತ್ತಿದರೆ Schedule send ಸಿಗುತ್ತದೆ. ಜಿಮೇಲ್‌ಗೆ ಈ ಸೌಲಭ್ಯ ಬಂದದ್ದು 2019ರ ಏಪ್ರಿಲ್‌ನಲ್ಲಿ. ಅದನ್ನು ಒತ್ತಿದೊಡನೆ ಆಪ್ ತಾನೇ ಕೆಲವು ಸಮಯಗಳನ್ನು ಮುಂದಿಡುತ್ತದೆ. ಅದರಲ್ಲೊಂದು Monday morning, ಬೆಳಿಗ್ಗೆ ಎಂಟು. ನೋಡಿದರೆ ಬೇಕಾದದ್ದೇ ಸಿಕ್ಕಿತು ಎನಿಸುತ್ತದೆ. ಆದರೆ ಆ ಎಂಟು ಗಂಟೆ ಧಾರವಾಡದ್ದು. ಆಗ ಕ್ಯಾಲಿಫೋರ್ನಿಯಾದಲ್ಲಿ ಭಾನುವಾರ ಸಂಜೆ ಆರೂವರೆ. ಪತ್ರ ಯಾರಿಗೆ ಹೋಗುತ್ತಿದೆ ಎಂಬುದು ಆಪ್‌ಗೆ ಗೊತ್ತು, ಅವರು ಯಾವ ಊರಲ್ಲಿದ್ದಾರೆ ಎಂಬುದು ಗೊತ್ತಿಲ್ಲ. ಇಮೇಲ್ ವಿಳಾಸದಲ್ಲಿ ಊರಿನ ಸುಳಿವೇ ಇರಬೇಕೆಂದಿಲ್ಲವಲ್ಲ. ಹಾಗಾಗಿ ಅದು ನೋಡುವುದು ಕಳಿಸುವವರ ಗಡಿಯಾರವನ್ನು ಮಾತ್ರ. ಲೆಕ್ಕ ಹಾಕುವ ಕೆಲಸ ನಮ್ಮದೇ.

ಲೆಕ್ಕದಲ್ಲೊಂದು ಕೊಕ್ಕೆ ಇದೆ. ಅವಳು ಪತ್ರ ಬರೆಯುವ ದಿನ ಎರಡೂ ಊರುಗಳ ನಡುವಿನ ಅಂತರ ಹನ್ನೆರಡೂವರೆ ಗಂಟೆ. ಫೋನಿನ ವಿಶ್ವ ಗಡಿಯಾರವೂ ಅದನ್ನೇ ಹೇಳುತ್ತದೆ. ಹಾಗಾದರೆ ಅಲ್ಲಿನ ಒಂಬತ್ತು ಎಂದರೆ ಇಲ್ಲಿನ ರಾತ್ರಿ ಒಂಬತ್ತೂವರೆ. ಅದನ್ನೇ ಇಟ್ಟರೆ ಪತ್ರ ಒಂದು ಗಂಟೆ ಮೊದಲೇ, ಎಂಟಕ್ಕೇ ಹೋಗಿ ಕೂರುತ್ತದೆ. ಏಕೆಂದರೆ ಅಮೆರಿಕದ ಬಹುಭಾಗದಲ್ಲಿ ನವೆಂಬರಿನ ಮೊದಲ ಭಾನುವಾರ ನಸುಕಿನ ಎರಡು ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ಈ ಸಲ ಅದು ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನ. ಸೋಮವಾರದ ಹೊತ್ತಿಗೆ ಅಂತರ ಹದಿಮೂರೂವರೆ ಗಂಟೆಯಾಗಿರುತ್ತದೆ. ಸರಿಯಾದ ಸಮಯ ರಾತ್ರಿ ಹತ್ತೂವರೆ. ಪಕ್ಕದ ಅರಿಜೋನಾದ ಹೆಚ್ಚಿನ ಭಾಗದಲ್ಲಿ ಗಡಿಯಾರ ಮುಟ್ಟುವುದೇ ಇಲ್ಲ ಎಂಬುದು ಇನ್ನೊಂದು ಗೋಜಲು.

ವಿಶ್ವ ಗಡಿಯಾರ ತೋರಿಸುವುದು ಇವತ್ತಿನ ಅಂತರ, ಪತ್ರ ಹೋಗುವ ದಿನದ್ದಲ್ಲ. ಇದಕ್ಕಿಂತ ನಂಬಲರ್ಹವಾದ ಉಪಾಯ ಗೂಗಲ್ ಕ್ಯಾಲೆಂಡರ್. ನವೆಂಬರ್ 2ಕ್ಕೆ ಒಂದು ಸುಳ್ಳು ಕಾರ್ಯಕ್ರಮ ಹಾಕಿ, ಸಮಯವಲಯವನ್ನು ಲಾಸ್ ಏಂಜಲೀಸ್‌ಗೆ ಬದಲಿಸಿ, ಬೆಳಿಗ್ಗೆ ಒಂಬತ್ತು ಎಂದು ಉಳಿಸಿದರೆ, ಅದು ನಿಮ್ಮ ಕ್ಯಾಲೆಂಡರಿನಲ್ಲಿ ರಾತ್ರಿ ಹತ್ತೂವರೆಯ ಜಾಗದಲ್ಲಿ ಕಾಣುತ್ತದೆ. ಯಾವ ಊರು ಯಾವಾಗ ಗಡಿಯಾರ ತಿರುಗಿಸುತ್ತದೆ ಎಂಬ ನಿಯಮಗಳೆಲ್ಲ ಅದರೊಳಗಿವೆ. ಆ ಹತ್ತೂವರೆಯನ್ನು ಜಿಮೇಲ್‌ನ Pick date & time ನಲ್ಲಿ ತುಂಬಿ, ಕಾರ್ಯಕ್ರಮವನ್ನು ಅಳಿಸಿದರಾಯಿತು.

ಅಲ್ಲಿಂದ ಮುಂದೆ ಪತ್ರ ಕಾಯುವುದು ಫೋನಿನಲ್ಲಲ್ಲ, ಗೂಗಲ್‌ನ ಸರ್ವರಿನಲ್ಲಿ. ಇದು ಸಣ್ಣ ಸಂಗತಿಯಲ್ಲ. 1982ರಲ್ಲಿ ಬರೆದ ಎಸ್‌ಎಂಟಿಪಿ ಎಂಬ ಇಮೇಲ್ ನಿಯಮಾವಳಿಯಲ್ಲಿ 'ಇಷ್ಟು ಹೊತ್ತಿಗೆ ಕಳಿಸು' ಎನ್ನಲು ದಾರಿಯೇ ಇರಲಿಲ್ಲ. ಕೈಗೆ ಬಂದದ್ದನ್ನು ಮುಂದೆ ಸಾಗಿಸುವುದಷ್ಟೇ ಅದರ ಕೆಲಸ. 2007ರಲ್ಲಿ FUTURERELEASE ಎಂಬ ಸೇರ್ಪಡೆ ಬಂತು. ಅದರ ಪ್ರಕಾರ ಕಳಿಸುವ ಯಂತ್ರ ಸರ್ವರಿಗೆ ಹೀಗೆ ಹೇಳಬಹುದು:

```
MAIL FROM:<a@example.com> HOLDUNTIL=2026-11-02T17:00:00Z
```

ಕೊನೆಯ Z ಅಕ್ಷರ ಜಾಗತಿಕ ಪ್ರಮಾಣ ಸಮಯದ ಗುರುತು. ಧಾರವಾಡದ ಹತ್ತೂವರೆ, ಕ್ಯಾಲಿಫೋರ್ನಿಯಾದ ಒಂಬತ್ತು, ಎರಡೂ ಇಲ್ಲಿ 17 ಗಂಟೆಯೇ. ಆದರೆ ಎಲ್ಲ ಸರ್ವರುಗಳೂ ಇದನ್ನು ಒಪ್ಪುವುದಿಲ್ಲ. ಹಾಗಾಗಿ ಪತ್ರವನ್ನು ಯಾರು ಹಿಡಿದಿಟ್ಟುಕೊಳ್ಳಬೇಕೆಂಬುದು ಆಪ್‌ನಿಂದ ಆಪ್‌ಗೆ ಬೇರೆ. ಐಫೋನಿನ ಮೇಲ್ ಆಪ್‌ಗೆ 2022ರಲ್ಲಿ ಬಂದ Send Later ನಲ್ಲಿ ಆ ಹೊತ್ತಿಗೆ ಪತ್ರ ಕಳಿಸಬೇಕಾದದ್ದು ಫೋನೇ. ನಿಗದಿತ ಸಮಯಕ್ಕೆ ಅದು ಆಫ್ ಆಗಿದ್ದರೆ ಅಥವಾ ನೆಟ್‌ವರ್ಕ್ ಇಲ್ಲದಿದ್ದರೆ ಪತ್ರ ಹೊರಡುವುದಿಲ್ಲ. ಜಿಮೇಲ್‌ನಲ್ಲಿ ಆ ಭಯವಿಲ್ಲ. ಆದರೆ ನಿಮ್ಮ ಆದೇಶ ಸರ್ವರಿಗೆ ಮುಟ್ಟಿರಬೇಕು. ಘಟ್ಟದ ಬಸ್ಸಿನಲ್ಲಿ ಸಿಗ್ನಲ್ ಇಲ್ಲದಾಗ ಒತ್ತಿದ್ದರೆ, ಆಮೇಲೆ ಕಂಪ್ಯೂಟರಿನಲ್ಲೊಮ್ಮೆ Scheduled ವಿಭಾಗ ತೆರೆದು ನೋಡುವುದು ಒಳ್ಳೆಯದು. ಅಲ್ಲಿ ಕಂಡರೆ ಸರ್ವರಿಗೆ ಸೇರಿದೆ ಎಂದರ್ಥ. ಹತ್ತೂವರೆಗೆ ಇಟ್ಟದ್ದು ಒಂದೆರಡು ನಿಮಿಷ ತಡವಾಗಿ ಹೋದರೆ ಗಾಬರಿ ಬೇಡ, ಅದು ಮಾಮೂಲು.

ಕಾಯುತ್ತಿರುವ ಪತ್ರಕ್ಕೆ ಸುತ್ತ ನಡೆಯುವುದೇನೂ ತಿಳಿಯದು. ಭಾನುವಾರವೇ ಆ ಪ್ರಾಧ್ಯಾಪಕರಿಂದ 'ಈ ವರ್ಷ ಯಾರನ್ನೂ ತೆಗೆದುಕೊಳ್ಳುತ್ತಿಲ್ಲ' ಎಂಬ ಸೂಚನೆ ಬಂದರೂ, ಸೋಮವಾರ ಇವಳ ವಿನಂತಿ ನೆಟ್ಟಗೆ ಹೊರಟುಬಿಡುತ್ತದೆ. ತಡೆಯಬೇಕೆಂದರೆ Cancel send ಒತ್ತಬೇಕು. ಒಂದು ಪದ ತಿದ್ದಬೇಕಿದ್ದರೂ ಅದೇ ದಾರಿ. ಆಗ ಪತ್ರ ಡ್ರಾಫ್ಟ್ ಆಗಿ ಹಿಂದಿರುಗುತ್ತದೆ, ಜೊತೆಗಿದ್ದ ಸಮಯ ಕಳಚಿಹೋಗುತ್ತದೆ. ತಿದ್ದಿದ ಮೇಲೆ ತಾರೀಖು, ಗಂಟೆ ಮತ್ತೆ ಹಾಕದಿದ್ದರೆ ಅದು ಡ್ರಾಫ್ಟ್ ಆಗಿಯೇ ಉಳಿಯುತ್ತದೆ.