ಗಾಳಿ ಬಿಟ್ಟರೆ ಮುಳುಗು, ಗಾಳಿ ತುಂಬಿದರೆ ತೇಲು

ವಿಶಾಖಪಟ್ಟಣದ ಕಡಲತೀರದಲ್ಲಿ ಈಗ ಸಂಗ್ರಹಾಲಯವಾಗಿ ನಿಂತಿರುವ ಐಎನ್ಎಸ್ ಕುರ್ಸುರಾ ನೀರಿನ ಮೇಲಿದ್ದಾಗ ಸುಮಾರು 1,950 ಟನ್, ಮುಳುಗಿದಾಗ ಸುಮಾರು 2,475 ಟನ್ ತೂಗುತ್ತಿತ್ತು. ಹೆಚ್ಚಿದ 500 ಟನ್ನಿಗೂ ಮಿಕ್ಕಿದ್ದು ಬರೀ ಸಮುದ್ರದ ನೀರು.

ಜಲಾಂತರ್ಗಾಮಿಯ ಗಟ್ಟಿ ಒಡಲಿನ ಹೊರಗೆ ಬ್ಯಾಲಸ್ಟ್ ಟ್ಯಾಂಕುಗಳಿರುತ್ತವೆ. ಅವುಗಳ ತಳದಲ್ಲಿ ನೀರು ನುಗ್ಗುವ ಕಂಡಿ, ನೆತ್ತಿಯಲ್ಲಿ ಗಾಳಿ ಬಿಡುವ ಕವಾಟ. ಕವಾಟ ತೆರೆದರೆ ಗಾಳಿ ಬುಸ್ಸೆಂದು ಹೊರಬಿದ್ದು ಕೆಳಗಿನಿಂದ ನೀರೇರುತ್ತದೆ. ಗಾತ್ರ ಅಷ್ಟೇ, ತೂಕ ಹೆಚ್ಚು. ಸಾಂದ್ರತೆ ಸುತ್ತಲಿನ ನೀರಿಗೆ ಸಮನಾದಾಗ ಹಡಗು ತೇಲುವುದೂ ಇಲ್ಲ, ತಳ ಸೇರುವುದೂ ಇಲ್ಲ.

ಮೇಲೇರಲು ಕವಾಟ ಮುಚ್ಚಿ, ಸಿಲಿಂಡರಿನ ಒತ್ತಿಟ್ಟ ಗಾಳಿಯಿಂದ ನೀರನ್ನು ತಳದ ಕಂಡಿಯಿಂದಲೇ ಹೊರದಬ್ಬಬೇಕು. ಕಷ್ಟವಿರುವುದು ಇಲ್ಲೇ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 200 ಮೀಟರ್ ಆಳದಲ್ಲಿ ಅದೇ ಗಾಳಿ ಮೇಲ್ಮೈಯಲ್ಲಿ ಹೊರದಬ್ಬುವ ನೀರಿನ ಇಪ್ಪತ್ತೊಂದನೇ ಒಂದು ಪಾಲನ್ನಷ್ಟೇ ದಬ್ಬಬಲ್ಲದು. ಹಾಗಾಗಿ ಸಾಮಾನ್ಯವಾಗಿ ಎಂಜಿನ್ನಿನ ವೇಗ, ರೆಕ್ಕೆಗಳ ಓರೆಯಿಂದ ಮೇಲೆ ಬಂದು, ಆಮೇಲೆ ಟ್ಯಾಂಕು ಬರಿದು ಮಾಡುತ್ತಾರೆ.

1963ರ ಏಪ್ರಿಲ್ 10ರಂದು ಅಮೆರಿಕದ ಥ್ರೆಶರ್ ಆಳದಲ್ಲಿ ಎಂಜಿನ್ ಬಲ ಕಳೆದುಕೊಂಡಿತು. ಟ್ಯಾಂಕುಗಳ ನೀರನ್ನು ದಬ್ಬುವ ಯತ್ನವೂ ಫಲಿಸಲಿಲ್ಲ. ಗಾಳಿಯಲ್ಲಿದ್ದ ತೇವ ಕೊಳವೆಯ ಜಾಲರಿಯಲ್ಲಿ ಮಂಜುಗಟ್ಟಿ ದಾರಿ ಮುಚ್ಚಿರಬೇಕೆಂದು ಆಮೇಲಿನ ಪರೀಕ್ಷೆಗಳು ತೋರಿಸಿದವು. ಹಡಗಿನಲ್ಲಿದ್ದ 129 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.